ಬಾಟಲಿಯೊಳಗಿನ ಬಲೂನು: ಏಳು ವರ್ಷದ ಮಕ್ಕಳಿಗೆ ಗಾಳಿಯ ಪಾಠ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಪಾಠ ಮಾಡುವವಳು. ಗಾಳಿಯ ಪಾಠ ಬಂದಾಗ ಒಂದು ಬಾಟಲಿ, ನಾಲ್ಕು ಬಲೂನು, ಒಂದಿಷ್ಟು ಸ್ಟ್ರಾ ಹಿಡಿದು ತರಗತಿಗೆ ಹೋಗುತ್ತೇನೆ. ಇದನ್ನು ನೋಡಿದ, ಕೇಳಿದ ಟೀಚರುಗಳೂ ಮಕ್ಕಳ ಅಪ್ಪ-ಅಮ್ಮಂದಿರೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಮೊದಲಿನವು ಸುಲಭ. ಕೊನೆಯವು ದೊಡ್ಡವರಿಗೆ.

## ಶುರು ಮಾಡುವ ಮುಂಚೆ

ಗಾಳಿ ಅಂದ್ರೆ ಮಕ್ಕಳಿಗೆ ಗೊತ್ತೇ ಇರುತ್ತಲ್ಲ ಮೇಡಂ, ಇದಕ್ಕೆಲ್ಲ ಪ್ರಯೋಗ ಯಾಕೆ?

ಮಕ್ಕಳಿಗೆ ಗೊತ್ತಿರುವುದು ಬೀಸುವ ಗಾಳಿ. ಫ್ಯಾನ್ ಗಾಳಿ, ಗಾಳಿಪಟ ಹಾರಿಸುವ ಗಾಳಿ, ಕಣ್ಣಿಗೆ ಧೂಳು ತರುವ ಗಾಳಿ. ಸುಮ್ನೆ ನಿಂತ ಗಾಳಿ ಅವರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಫ್ಯಾನ್ ಆಫ್ ಮಾಡಿದರೆ "ಗಾಳಿ ಹೋಯ್ತು" ಅನ್ನುತ್ತಾರೆ. ನಾವೂ ಹಾಗೇ ಅಲ್ವಾ ಅನ್ನುವುದು?

ಮುಚ್ಚಳವಿಲ್ಲದ ಬಾಟಲಿ ತೋರಿಸಿ "ಇದರಲ್ಲಿ ಏನಿದೆ?" ಎಂದು ಕೇಳಿ. "ಏನೂ ಇಲ್ಲ ಮಿಸ್, ಖಾಲಿ" ಎಂಬ ಉತ್ತರ ತಪ್ಪದೆ ಬರುತ್ತದೆ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಆ "ಖಾಲಿ" ಎಂಬ ಮಾತನ್ನು ಮಗುವೇ ವಾಪಸ್ ತೆಗೆದುಕೊಳ್ಳಬೇಕು. ನಾವು "ಗಾಳಿ ಇದೆ" ಎಂದು ಹೇಳಿಕೊಟ್ಟರೆ ಮಗು ಅದನ್ನೇ ಒಪ್ಪಿಸುತ್ತದೆ. ಮಾರನೇ ದಿನ ಮತ್ತೆ "ಖಾಲಿ" ಅನ್ನುತ್ತದೆ.

ಇಲ್ಲಿ ಎರಡು ವಿಷಯ ಇವೆ. ಗಾಳಿ ಜಾಗ ಹಿಡಿಯುತ್ತದೆ ಎಂಬುದು ಒಂದು, ಗಾಳಿ ತಳ್ಳುತ್ತದೆ ಎಂಬುದು ಇನ್ನೊಂದು. ಎರಡನ್ನೂ ಒಂದೇ ದಿನ ತುರುಕಬೇಡಿ. ಮೊದಲು ಜಾಗ, ಎರಡು ದಿನ ಬಿಟ್ಟು ತಳ್ಳುವುದು.

ಯಾವ ಬಾಟಲಿ, ಎಂಥ ಬಲೂನು ತರಬೇಕು?

ಸೋಡಾ ಅಥವಾ ಕೂಲ್‌ಡ್ರಿಂಕ್ಸ್ ಬರುವ ಗಟ್ಟಿ ಪ್ಲಾಸ್ಟಿಕ್ ಬಾಟಲಿ ತನ್ನಿ, ಒಂದು ಲೀಟರ್‌ನದು ಸಾಕು. ಕುಡಿಯುವ ನೀರಿನ ತೆಳು ಬಾಟಲಿ ಬೇಡ. ಬಲೂನು ಊದಿದಾಗ ಆ ಬಾಟಲಿಯ ಮೈಯೇ ಹೊರಕ್ಕೆ ಉಬ್ಬಿ ಒಳಗೆ ಜಾಗ ಮಾಡಿಕೊಡುತ್ತದೆ. ಬಲೂನು ಉಬ್ಬಬಾರದ ಕಡೆ ಉಬ್ಬುತ್ತದೆ, ಮಕ್ಕಳ ಮುಂದೆ ನಾವು ಪೆಚ್ಚಾಗುತ್ತೇವೆ.

ಬಲೂನು ಹುಟ್ಟುಹಬ್ಬಕ್ಕೆ ಕಟ್ಟುವ ಸಾಧಾರಣ ಗುಂಡು ಬಲೂನು ಆದರೆ ಸರಿ. ತೀರಾ ಸಣ್ಣದರ ಬಾಯಿ ಬಾಟಲಿಯ ಕತ್ತಿಗೆ ಹಿಗ್ಗದೆ ಹರಿದುಹೋಗುತ್ತದೆ. ಹೊಸ ಬಲೂನಿನ ರಬ್ಬರ್ ಬಿಗಿ ಇರುತ್ತದೆ. ಹಿಂದಿನ ದಿನವೇ ಪಂಪಿನಿಂದ ಎರಡು ಮೂರು ಸಲ ಉಬ್ಬಿಸಿ ಗಾಳಿ ಬಿಟ್ಟಿಡಿ. ಇಷ್ಟು ಮಾಡದಿದ್ದರೆ ಮಗುವಿನ ಉಸಿರು ರಬ್ಬರ್ ಹಿಗ್ಗಿಸುವುದಕ್ಕೇ ಖರ್ಚಾಗುತ್ತದೆ. ಬಲೂನು ಯಾಕೆ ಉಬ್ಬಲಿಲ್ಲ, ರಬ್ಬರ್ ಬಿಗಿ ಎಂದೋ ಬಾಟಲಿಯಲ್ಲಿ ಜಾಗ ಇಲ್ಲ ಎಂದೋ, ಗೊತ್ತಾಗುವುದಿಲ್ಲ.

ಪ್ಲಾಸ್ಟಿಕ್ ಸ್ಟ್ರಾ ಈಗ ಸಿಗಲ್ಲ. ಪೇಪರ್ ಸ್ಟ್ರಾ ನಡೆಯುತ್ತಾ?

ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಸ್ಟ್ರಾಗಳನ್ನು ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧಿಸಿದ್ದಾರೆ. ಪೇಪರ್ ಸ್ಟ್ರಾ ನಡೆಯುತ್ತದೆ. ಆದರೆ ನೀರಿನಲ್ಲಿ ಹೆಚ್ಚು ಹೊತ್ತು ಇಟ್ಟರೆ ಮೆತ್ತಗಾಗುತ್ತದೆ, ಬಲೂನಿನ ಬಾಯಿ ಬಿಗಿದ ಕಡೆ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ. ಬಿಗಿಯಾಗಿ ಕೂರಿಸಬೇಕಾದ ಕಡೆ ನಾನು ಮುಗಿದುಹೋದ ಪೆನ್ನಿನ ಕೊಳವೆ ಬಳಸುತ್ತೇನೆ, ರಿಫಿಲ್ ತೆಗೆದು, ಪಕ್ಕದಲ್ಲಿ ತೂತಿದ್ದರೆ ಅದಕ್ಕೆ ಟೇಪ್ ಸುತ್ತಿ.

ಹಿತ್ತಲಲ್ಲಿ ಪಪ್ಪಾಯಿ ಗಿಡ ಇದ್ದರೆ ಎಲೆಯ ದಂಟು ಇನ್ನೂ ಒಳ್ಳೆಯದು. ಒಳಗೆ ಪೂರ್ತಿ ಪೊಳ್ಳು, ಸುಲಭಕ್ಕೆ ಚಪ್ಪಟೆಯಾಗಲ್ಲ. ಕುಯ್ದ ಕೂಡಲೇ ಹಾಲು ಸೋರುತ್ತದೆ, ಅದು ತುಟಿಗೆ ತಾಗಿದರೆ ಉರಿ ಬರಬಹುದು. ಚೆನ್ನಾಗಿ ತೊಳೆದು ಒಂದು ದಿನ ಒಣಗಲು ಬಿಡಿ. ನೀರಿನ ಬಕೆಟ್ಟಿನಲ್ಲಿ ಗುಳ್ಳೆ ಬಿಡುವುದಕ್ಕೆ ಇದರಷ್ಟು ಮಜಾ ಇನ್ನೊಂದಿಲ್ಲ.

ಬಲೂನು ಬಾಯಿಗೆ ಹಾಕಿಕೊಂಡ್ರೆ ಅಪಾಯ ಅಂತಾರೆ. ನಿಜವಾ?

ನಿಜ, ಹಗುರವಾಗಿ ತೆಗೆದುಕೊಳ್ಳಬೇಡಿ. ಉಬ್ಬಿಸದ ಬಲೂನು, ಒಡೆದ ಬಲೂನಿನ ಚೂರು, ಎರಡೂ ಗಂಟಲಿನಲ್ಲಿ ಮೆತ್ತಿಕೊಂಡು ಉಸಿರು ಕಟ್ಟಿಸಬಲ್ಲವು. ಎಂಟು ವರ್ಷದೊಳಗಿನ ಮಕ್ಕಳಿಗೆ ಎಂದು ಬಲೂನಿನ ಪ್ಯಾಕೆಟ್ಟುಗಳ ಮೇಲೇ ಎಚ್ಚರಿಕೆ ಇರುವುದುಂಟು. ನಮ್ಮ ಮಕ್ಕಳಿಗೆ ಏಳು.

ಆದ್ದರಿಂದ ಬಿಡಿ ಬಲೂನನ್ನು ಮಕ್ಕಳ ಕೈಗೆ ಕೊಡುವುದಿಲ್ಲ. ಬಾಟಲಿಗೆ ಕೂರಿಸಿ, ಬಾಯಿಯ ಅಂಚಿನ ಮೇಲೆ ಟೇಪ್ ಸುತ್ತಿ ಕೊಡುತ್ತೇನೆ. ಊದುವುದು ಮಾತ್ರ, ಬಲೂನಿನಿಂದ ಉಸಿರು ಎಳೆಯುವುದು ಇಲ್ಲ. ಒಂದು ಬಾಟಲಿಗೆ ಒಬ್ಬರೇ ಊದುವುದು, ಉಳಿದವರು ತೂತು ಮುಚ್ಚುವ ಕೆಲಸ. ಒಡೆದ ಚೂರನ್ನೆಲ್ಲ ನಾನೇ ಹೆಕ್ಕಿ ಜೇಬಿಗೆ ಹಾಕಿಕೊಂಡು ಆಮೇಲೆ ಪಾಠ. ರಬ್ಬರ್ ತಾಗಿದರೆ ತುರಿಕೆ, ದದ್ದು ಬರುವ ಮಗು ಇದ್ದರೆ ಬಲೂನು ಮುಟ್ಟಿಸಬೇಡಿ. ಜಾತ್ರೆಯಲ್ಲಿ ಸಿಗುವ ಮೇಲೆ ಹಾರುವ ಗ್ಯಾಸ್ ಬಲೂನು ತರಗತಿಗೆ ಬೇಡವೇ ಬೇಡ. ಅದರಲ್ಲಿ ಹೊತ್ತಿಕೊಳ್ಳುವ ಹೈಡ್ರೋಜನ್ ಇರಬಹುದು.

## ಗಾಳಿ ಜಾಗ ಹಿಡಿಯುತ್ತದೆ

ಬಾಟಲಿ-ಬಲೂನು ಪ್ರಯೋಗವನ್ನ ಮೊದಲಿಂದ ಹೇಳ್ತೀರಾ? ಏನು ಮಾಡಬೇಕು, ಏನು ಕೇಳಬೇಕು?

ಎರಡು ಬಾಟಲಿ ಸಿದ್ಧ ಮಾಡಿಕೊಳ್ಳಿ. ಎರಡೂ ಒಂದೇ ಥರದವು. ಒಂದಕ್ಕೆ ತಳದಿಂದ ಎರಡು ಬೆರಳು ಮೇಲೆ, ಪಕ್ಕದ ಗೋಡೆಯಲ್ಲಿ ಒಂದು ತೂತು. ದಬ್ಬಳವನ್ನೋ ಮೊಳೆಯನ್ನೋ ಇಕ್ಕಳದಲ್ಲಿ ಹಿಡಿದು ಬಿಸಿ ಮಾಡಿ ಚುಚ್ಚಿದರೆ ಆಯಿತು. ಮಕ್ಕಳು ಬರುವ ಮುಂಚೆ ಮನೆಯಲ್ಲೇ ಮಾಡಿ. ತೂತು ಒಂದು ಮೆಣಸಿನ ಕಾಳು ನುಸುಳುವಷ್ಟು ಇರಲಿ. ಬಲೂನನ್ನು ಬಾಟಲಿಯ ಒಳಗೆ ಇಳಿಬಿಟ್ಟು ಅದರ ಬಾಯನ್ನು ಹಿಗ್ಗಿಸಿ ಬಾಟಲಿಯ ಕತ್ತಿನ ಮೇಲೆ ಮಡಚಿ ಕೂರಿಸಿ. ತೂತಿನ ವಿಷಯ ಮಕ್ಕಳಿಗೆ ಹೇಳಬೇಡಿ.

ನನ್ನ ತರಗತಿಯಲ್ಲಿ ಹೀಗೆ ನಡೆಯಿತು. ತೂತಿಲ್ಲದ ಬಾಟಲಿಯನ್ನು ತರಗತಿಯ ಗಟ್ಟಿಗನಿಗೆ ಕೊಟ್ಟೆ. ಪಕ್ಕದಲ್ಲಿ ಕೂತ ಪೀಚು ಹುಡುಗಿಗೆ ತೂತಿದ್ದದ್ದು. ಊದುವ ಮುಂಚೆ "ಯಾರ ಬಲೂನು ದೊಡ್ಡದಾಗುತ್ತೆ?" ಎಂದು ಕೈ ಎತ್ತಿಸಿದೆ. ಎಲ್ಲರೂ ಅವನ ಕಡೆ. ಊದಿದ ಊದಿದ, ಮುಖ ಕೆಂಪಗಾಯಿತು, ಬಲೂನು ನಿಂಬೆಹಣ್ಣಿಗಿಂತ ದೊಡ್ಡದಾಗಲಿಲ್ಲ. ಹುಡುಗಿ ಎರಡೇ ಉಸಿರಿಗೆ ಬಾಟಲಿ ತುಂಬಾ ಬಲೂನು ಮಾಡಿ ಕೂತಳು. ಆಗ ಗಲಾಟೆ. "ಮಿಸ್, ಅವಳ ಬಲೂನು ಬೇರೆ!"

ಬಲೂನು ಅದಲುಬದಲು ಮಾಡಿದೆ. ಮತ್ತೆ ಅದೇ. ಹಾಗಾದರೆ ಬಾಟಲಿ ಬೇರೆ. ಬಾಟಲಿ ತಿರುಗಿಸಿ ತಿರುಗಿಸಿ ನೋಡಿ ತೂತು ಕಂಡುಹಿಡಿದದ್ದು ಮಕ್ಕಳೇ. "ತೂತಿನ ಹತ್ರ ಕೆನ್ನೆ ಇಟ್ಟುಕೋ" ಎಂದು ಒಬ್ಬಳಿಗೆ ಹೇಳಿದೆ. ಬಲೂನು ಊದುತ್ತಿದ್ದ ಹಾಗೆ ಅವಳ ಕೆನ್ನೆಗೆ ತಣ್ಣಗೆ ಗಾಳಿ ಬಡಿಯಿತು. "ಒಳಗಿಂದ ಗಾಳಿ ಬರ್ತಿದೆ!" ಎಂದು ಕೂಗಿದಳು. ಆಗ ಕೇಳಬೇಕಾದ ಪ್ರಶ್ನೆ ಒಂದೇ: ಬಾಟಲಿ ಖಾಲಿ ಅಂದಿದ್ರಲ್ಲ, ಈ ಗಾಳಿ ಎಲ್ಲಿತ್ತು?

ನಂತರ ಬಸ್ಸಿನ ಸೀಟಿನ ಉದಾಹರಣೆ ಕೊಡುತ್ತೇನೆ. ಸೀಟು ತುಂಬಿದೆ, ಕೂತವರು ಎದ್ದರೆ ತಾನೇ ಹೊಸಬರು ಕೂರುವುದು? ಒಬ್ಬ ಹುಡುಗ "ಟವೆಲ್ ಹಾಕಿದ್ರೆ?" ಎಂದ. ಟವೆಲ್ ಹಾಕಿದ ಸೀಟು ಖಾಲಿಯೇ, ಬಾಟಲಿಯಲ್ಲಿ ಗಾಳಿ ನಿಜವಾಗಲೂ ಕೂತಿದೆ ಎಂದು ಅವನಿಗೆ ಪಕ್ಕದ ಹುಡುಗಿಯೇ ಬಿಡಿಸಿ ಹೇಳಿದಳು.

ತೂತಿಲ್ಲದ ಬಾಟಲಿಯಲ್ಲೂ ಬಲೂನು ಸ್ವಲ್ಪ ಉಬ್ಬಿತಲ್ಲ? ಪ್ರಯೋಗ ಫೇಲಾಯ್ತಾ?

ಇಲ್ಲ. ಗಾಳಿಯನ್ನು ಸ್ವಲ್ಪ ಒತ್ತಿ ಕುಗ್ಗಿಸಬಹುದು, ಕಲ್ಲಿನ ಹಾಗಲ್ಲ. ನಾವು ಬಾಯಿಂದ ಜೋರಾಗಿ ಊದಿದರೆ ಹೊರಗಿನ ಗಾಳಿಯ ಒತ್ತಡಕ್ಕಿಂತ ನೂರಕ್ಕೆ ಐದರಷ್ಟು ಜಾಸ್ತಿ ಒತ್ತಡ ಕೊಡಬಹುದು ಎಂದಿಟ್ಟುಕೊಳ್ಳಿ. ಒಂದು ಲೀಟರ್ ಬಾಟಲಿಯ ಗಾಳಿ ಆಗ ಸುಮಾರು ನೂರಕ್ಕೆ ಐದರಷ್ಟೇ ಕುಗ್ಗುತ್ತದೆ. ಅಂದರೆ 50 ಮಿಲಿಲೀಟರ್ ಜಾಗ, ಹೆಚ್ಚು ಕಮ್ಮಿ ಒಂದು ನಿಂಬೆಹಣ್ಣು. ರಬ್ಬರ್ ಹಿಗ್ಗಿಸುವುದಕ್ಕೂ ಒಂದಿಷ್ಟು ಒತ್ತಡ ಹೋಗುವುದರಿಂದ ನಿಜಕ್ಕೂ ಸಿಗುವ ಜಾಗ ಇನ್ನೂ ಕಮ್ಮಿ.

ನಿಂಬೆಹಣ್ಣಿಗಿಂತ ಜಾಸ್ತಿ ಉಬ್ಬಿದರೆ ಮಾತ್ರ ಅನುಮಾನ ಪಡಿ. ಒಂದೋ ಬಾಟಲಿ ತೆಳು, ಇಲ್ಲವೇ ಕತ್ತಿನ ಹತ್ತಿರ ಗಾಳಿ ಸೋರುತ್ತಿದೆ. ಬಾಯಿ ತೆಗೆದ ಕೂಡಲೇ ಬಲೂನು ಟಪ್ಪನೆ ಹಿಂದಕ್ಕೆ ಹೋದರೆ ಒತ್ತಿಸಿಕೊಂಡ ಗಾಳಿ ವಾಪಸ್ ತಳ್ಳಿತು ಎಂದರ್ಥ. ಬಲೂನು ಉಬ್ಬಿಕೊಂಡೇ ನಿಂತರೆ ಒಳಗಿನ ಗಾಳಿ ಹೊರಗೆ ಸೋರಿಹೋಗಿದೆ.

ತೂತು ಮಾಡಿದ್ರೂ ನಮ್ಮ ಬಲೂನು ಅರ್ಧಕ್ಕೇ ನಿಂತುಬಿಡ್ತದ್ರಿ. ಎಲ್ಲಿ ತಪ್ಪಾಗೇದ?

ಧಾರವಾಡದ ಕಡೆಯ ಟೀಚರೊಬ್ಬರು ಕೇಳಿದ್ದು. ಅವರು ತೂತನ್ನು ಬಾಟಲಿಯ ನಡುವಿಗೆ ಮಾಡಿದ್ದರು. ಬಲೂನು ಉಬ್ಬುತ್ತಾ ಬಂದು ತಾನೇ ಆ ತೂತಿಗೆ ಒಳಗಿನಿಂದ ಅಂಟಿ ಬಿರಡೆ ಹಾಕಿಬಿಟ್ಟಿತ್ತು. ಕೆಳಗಿನ ಗಾಳಿಗೆ ದಾರಿ ಮುಚ್ಚಿತು. ತೂತು ತಳದ ಹತ್ತಿರ ಇದ್ದರೆ ಬಲೂನು ಕೊನೆಗೆ ಬಂದು ಮುಟ್ಟುವ ಜಾಗ ಅದು. ಸರಿ ತಳಕ್ಕೇ ಮಾಡಬೇಡಿ, ಅಲ್ಲಿ ಪ್ಲಾಸ್ಟಿಕ್ ದಪ್ಪ, ಮೇಜಿನ ಮೇಲಿಟ್ಟರೆ ಮುಚ್ಚಿಯೂ ಹೋಗಬಹುದು. ಹಳೇ ತೂತಿಗೆ ಟೇಪ್ ಹಚ್ಚಿ ಕೆಳಗೆ ಹೊಸದು ಮಾಡಿದ ಮೇಲೆ ಅವರ ಬಲೂನು ಪೂರ್ತಿ ಉಬ್ಬಿತಂತೆ.

ಬಾಟಲಿ ಹಾಳು ಮಾಡದೆ, ಸ್ಟ್ರಾದಿಂದಲೇ ತೋರಿಸೋಕೆ ಆಗಲ್ವಾ?

ಆಗುತ್ತದೆ. ನನಗೆ ಇದೇ ಹೆಚ್ಚು ಇಷ್ಟ. ಬಲೂನು ಇಳಿಬಿಟ್ಟ ಬಾಟಲಿಗೆ, ಬಲೂನಿನ ಹೊರಮೈಗೂ ಬಾಟಲಿಯ ಕತ್ತಿಗೂ ನಡುವೆ ಒಂದು ಕೊಳವೆ ತೂರಿಸಿ. ಒಂದು ತುದಿ ಬಾಟಲಿಯ ಒಳಗೆ ಅರ್ಧಕ್ಕಿಂತ ಕೆಳಗೆ ಇಳಿದಿರಬೇಕು, ಇನ್ನೊಂದು ತುದಿ ಹೊರಗೆ. ಆಮೇಲೆ ಬಲೂನಿನ ಬಾಯನ್ನು ಬಾಟಲಿಯ ಮೇಲೂ ಕೊಳವೆಯ ಮೇಲೂ ಸೇರಿಸಿ ಹಿಗ್ಗಿಸಿ ಕೂರಿಸಿ. ಕೊಳವೆ ಪಕ್ಕದ ಸಂದಿಗೆ ಚಪಾತಿ ಹಿಟ್ಟು ಮೆತ್ತಿ. ಪೆನ್ನಿನ ಕೊಳವೆ ಗಿಡ್ಡವಾದರೆ ಅದರ ತುದಿಗೆ ಪೇಪರ್ ಸ್ಟ್ರಾ ಸಿಕ್ಕಿಸಿ ಉದ್ದ ಮಾಡಿಕೊಳ್ಳಿ.

ಈಗ ಬಲೂನು ಊದಿದರೆ ಸ್ಟ್ರಾದಿಂದ ಗಾಳಿ ಬರುತ್ತದೆ. ಸ್ಟ್ರಾದ ತುದಿಗೆ ಬೆರಳಿಟ್ಟರೆ ಊದಲು ಆಗುವುದಿಲ್ಲ. ತೆಗೆದರೆ ಆಗುತ್ತದೆ. ಬೆರಳು ಒಬ್ಬರದು, ಊದುವುದು ಇನ್ನೊಬ್ಬರು. ನಮ್ಮಲ್ಲಿ ಬೆರಳಿಡುವವರ ಹೆಸರು "ಕಂಡಕ್ಟರ್".

## ಗಾಳಿ ತಳ್ಳುತ್ತದೆ

ಯಾರೂ ಊದದೆ ಬಲೂನು ಉಬ್ಬಿಸಬಹುದು ಅಂದ್ರಿ. ಅದು ಹೇಗೆ?

ಮೇಲೆ ಹೇಳಿದ ಸ್ಟ್ರಾ ಬಾಟಲಿಯನ್ನೇ ತೆಗೆದುಕೊಳ್ಳಿ. ಬಲೂನಿಗೆ ಯಾರೂ ಬಾಯಿ ಹಾಕಬಾರದು. ಸ್ಟ್ರಾದಿಂದ ಗಾಳಿಯನ್ನು ಹೊರಕ್ಕೆ ಎಳೆಯಿರಿ, ತಕ್ಷಣ ಬೆರಳಿನಿಂದ ಮುಚ್ಚಿ, ಉಸಿರು ಬಿಟ್ಟು ಮತ್ತೆ ಎಳೆಯಿರಿ. ನಾಲ್ಕೈದು ಸಲಕ್ಕೆ ಬಾಟಲಿಯೊಳಗಿನ ಬಲೂನು ತಾನಾಗಿಯೇ ಮೆಲ್ಲಗೆ ಉಬ್ಬುತ್ತದೆ. ಬಾಯಿ ತೆರೆದೇ ಇದೆ, ಯಾರೂ ಊದುತ್ತಿಲ್ಲ! ತರಗತಿ ಒಂದು ಕ್ಷಣ ಗಪ್‌ಚಿಪ್ ಆಗುವುದು ಇಲ್ಲೇ. ಈ ಎಳೆಯುವ ಕೆಲಸವನ್ನು ದೊಡ್ಡವರೇ ಮಾಡಿ.

ಬಲೂನಿಗೆ ಗಾಳಿ ಹಾಕಿದ್ದು ಕೋಣೆಯ ಗಾಳಿ. ಅದು ಎಲ್ಲ ಕಡೆಯಿಂದಲೂ ಯಾವಾಗಲೂ ತಳ್ಳುತ್ತಲೇ ಇರುತ್ತದೆ. ಬಾಟಲಿಯೊಳಗಿನ ಗಾಳಿಯೂ ಅಷ್ಟೇ ಜೋರಾಗಿ ವಾಪಸ್ ತಳ್ಳುತ್ತಿದ್ದುದರಿಂದ ಬಲೂನು ಸುಮ್ಮನಿತ್ತು. ನಾವು ಒಳಗಿನವರ ಕಡೆಯಿಂದ ಒಂದಿಷ್ಟು ಜನರನ್ನು ಹೊರಗೆ ಕರೆದುಬಿಟ್ಟೆವು. ಮಕ್ಕಳಿಗೆ ಹಗ್ಗಜಗ್ಗಾಟ ಗೊತ್ತು, ಇದು ತಳ್ಳುವ ಜಗ್ಗಾಟ. ಒಂದು ಕಡೆಯವರು ಕಮ್ಮಿಯಾದರೆ ಇನ್ನೊಂದು ಕಡೆಯವರು ಮುಂದೆ ಬರುತ್ತಾರೆ. ನಾನು ಇಬ್ಬರು-ಇಬ್ಬರನ್ನು ಅಂಗೈಗೆ ಅಂಗೈ ಕೊಟ್ಟು ನಿಲ್ಲಿಸಿ, ಒಂದು ಕಡೆಯಿಂದ ಒಬ್ಬರನ್ನು ಕರೆಯುತ್ತೇನೆ.

ತೂತಿನ ಬಾಟಲಿಯಲ್ಲೂ ಇದೇ ಆಟ ಇದೆ. ಬಲೂನು ಪೂರ್ತಿ ಉಬ್ಬಿಸಿ, ತೂತಿಗೆ ಬೆರಳಿಟ್ಟು, ಬಾಯಿ ತೆಗೆಯಿರಿ. ಬಲೂನು ಒಂಚೂರು ಕುಗ್ಗಿ ಹಾಗೇ ನಿಲ್ಲುತ್ತದೆ. ಬಾಯಿ ತೆರೆದ ಬಲೂನಿನೊಳಗೆ ಮಗು ಇಣುಕಿ ನೋಡಬಹುದು. ಅಂಗಳದಲ್ಲಾದರೆ ಅದರೊಳಗೆ ಒಂದು ಲೋಟ ನೀರು ಸುರಿದು ಬೆರಳು ತೆಗೆಯಿರಿ. ಬಲೂನು ಕುಗ್ಗುತ್ತಾ ನೀರನ್ನು ಬುಗ್ಗೆಯ ಹಾಗೆ ಮೇಲಕ್ಕೆ ಉಗುಳುತ್ತದೆ. ಒಮ್ಮೆ ತರಗತಿಯೊಳಗೇ ಮಾಡಿ ನಾನು ಹಾಜರಿ ಪುಸ್ತಕ ನೆನೆಸಿಕೊಂಡಿದ್ದೇನೆ.

ಸ್ಟ್ರಾದಲ್ಲಿ ಜ್ಯೂಸನ್ನ ನಾವೇ ತಾನೆ ಎಳೆಯೋದು? ಗಾಳಿ ತಳ್ಳುತ್ತೆ ಅಂದ್ರೆ ಮಗ ನಂಬಲ್ಲ.

ನಂಬಬಾರದು ಕೂಡ, ನೋಡುವ ತನಕ. ಗಟ್ಟಿಯಾದ ಸಣ್ಣ ಬಾಟಲಿಗೆ ಕತ್ತಿನ ತನಕ ನೀರು ತುಂಬಿ. ಬಾಯಿಗೆ ಒಂದು ಸ್ಟ್ರಾ ಇಟ್ಟು ಸುತ್ತ ಚಪಾತಿ ಹಿಟ್ಟಿನಿಂದ ಸಂದಿಯಿಲ್ಲದ ಹಾಗೆ ಮುಚ್ಚಿ. ಕುಡಿಯಲು ಹೇಳಿ. ಮೊದಲ ಗುಟುಕು ಬರಬಹುದು, ಆಮೇಲೆ ನಿಂತುಹೋಗುತ್ತದೆ. ಕೆನ್ನೆ ಗುಳಿ ಬೀಳುವ ಹಾಗೆ ಎಳೆದರೂ ಬರುವುದಿಲ್ಲ. ಈಗ ಹಿಟ್ಟಿಗೆ ಬೆಂಕಿಕಡ್ಡಿಯಿಂದ ಒಂದು ತೂತು ಮಾಡಿ. ಸರಾಗ ಬರುತ್ತದೆ.

ಎಳೆಯುವುದೇ ಕೆಲಸ ಮಾಡುವುದಾಗಿದ್ದರೆ ಮುಚ್ಚಿದ ಬಾಟಲಿಯಲ್ಲೂ ನೀರು ಬರಬೇಕಿತ್ತು. ನಾವು ಮಾಡುವುದು ಬಾಯೊಳಗೆ ತಳ್ಳುವ ಗಾಳಿಯನ್ನು ಕಮ್ಮಿ ಮಾಡುವುದಷ್ಟೇ. ನೀರಿನ ಮೇಲೆ ಕೂತ ಹೊರಗಿನ ಗಾಳಿ ಅದನ್ನು ಸ್ಟ್ರಾದೊಳಕ್ಕೆ ತಳ್ಳುತ್ತದೆ. ಹೊರಗಿನ ಗಾಳಿಗೆ ದಾರಿ ಇಲ್ಲದಿದ್ದರೆ ತಳ್ಳುವವರು ಯಾರು? ದಿನಸಿ ಅಂಗಡಿಯವರು ಎಣ್ಣೆ ಡಬ್ಬಕ್ಕೆ ಎರಡು ತೂತು ಹೊಡೆಯುವುದೂ ಇದಕ್ಕೇ. ಒಂದೇ ತೂತಾದರೆ ಎಣ್ಣೆ ಗಳಕ್ ಗಳಕ್ ಎಂದು ತಡೆದು ತಡೆದು ಬೀಳುತ್ತದೆ.

ಬಲೂನು ಊದಿ ಪುಸ್ತಕ ಎತ್ತೋದು ತೋರಿಸಿದ್ರಂತೆ. ಮಗುವಿನ ಉಸಿರಿಗೆ ಅಷ್ಟು ಬಲ ಇದೆಯಾ?

ಇದೆ. ಲೆಕ್ಕ ಹಾಕಿ ನೋಡೋಣ. ಎರಡು ಕಿಲೋ ಪುಸ್ತಕದ ಕಟ್ಟು, ಅಂದರೆ 2,000 ಗ್ರಾಂ. ಅಡಿಯಲ್ಲಿ ಇಟ್ಟ ಬಲೂನು ಪುಸ್ತಕಕ್ಕೆ ತಾಗುವ ಜಾಗ ಹತ್ತಕ್ಕೆ ಹತ್ತು ಸೆಂಟಿಮೀಟರ್, ಅಂದರೆ 100 ಚದರ ಸೆಂಟಿಮೀಟರ್ ಇದ್ದರೆ ಒಂದೊಂದು ಚದರ ಸೆಂಟಿಮೀಟರಿಗೂ 20 ಗ್ರಾಂ ಭಾರ. ಇಷ್ಟು ಒತ್ತಡ ನೀರನ್ನು ಕೊಳವೆಯಲ್ಲಿ 20 ಸೆಂಟಿಮೀಟರ್ ಎತ್ತುತ್ತದೆ. ಮೇಸ್ತ್ರಿಗಳ ಲೆವೆಲ್ ಪೈಪ್ ಸಿಕ್ಕರೆ ಅರ್ಧ ನೀರು ತುಂಬಿ, ಯು ಆಕಾರಕ್ಕೆ ಬಗ್ಗಿಸಿ, ಒಂದು ತುದಿಯಿಂದ ಮಗುವಿನ ಹತ್ತಿರ ಊದಿಸಿ. ಎರಡೂ ಕಡೆಯ ನೀರಿನ ಎತ್ತರದಲ್ಲಿ ಒಂದು ಗೇಣಿಗಿಂತ ಜಾಸ್ತಿ ವ್ಯತ್ಯಾಸ ಬರುವುದು ಕಷ್ಟವಲ್ಲ.

ನಿಜ ಹೇಳಬೇಕೆಂದರೆ ಬಲೂನಿಗಿಂತ ದಿನಸಿಯ ಗಟ್ಟಿ ಪ್ಲಾಸ್ಟಿಕ್ ಕವರ್ ಇದಕ್ಕೆ ಚೆನ್ನ. ಬಲೂನು ಗುಂಡಗಾಗಿ ಪುಸ್ತಕ ಜಾರಿ ಬೀಳುತ್ತದೆ. ಕವರಿನ ಬಾಯಿಗೆ ಸ್ಟ್ರಾ ಇಟ್ಟು ಟೇಪ್ ಸುತ್ತಿದರೆ ತಾಗುವ ಜಾಗ ನಾಲ್ಕು ಪಟ್ಟು, ಬೇಕಾದ ಒತ್ತಡ ಕಾಲು ಭಾಗ. ಕವರ್ ಮಗುವಿನ ಮುಖದ ಹತ್ತಿರ ಹೋಗದಂತೆ ನೋಡಿಕೊಳ್ಳಿ, ಮುಗಿದ ಮೇಲೆ ಎತ್ತಿಡಿ.

ದಾರದ ಮೇಲೆ ಓಡುವ ಬಲೂನ್ ರಾಕೆಟ್ ನಡುವೆಯೇ ನಿಲ್ಲುತ್ತೆ, ಇಲ್ಲಾಂದ್ರೆ ಗಿರಗಿರ ತಿರುಗುತ್ತೆ.

ನಡುವೆ ನಿಲ್ಲುವುದು ದಾರದ ತಪ್ಪು. ಸುತಲಿ ದಾರ ಒರಟು, ಅದರ ಮೇಲೆ ಸ್ಟ್ರಾ ಜಾರುವುದಿಲ್ಲ. ನೈಲಾನ್ ದಾರ, ಮೀನು ಹಿಡಿಯುವ ಗಾಳದ ದಾರ ಆದರೆ ಸರಿ. ಬಿಗಿಯಾಗಿ ಕಟ್ಟಿ, ಜೋತುಬಿದ್ದರೆ ಬಲೂನು ಹತ್ತಲು ಒದ್ದಾಡುತ್ತದೆ. ಸ್ಟ್ರಾ ನಾಲ್ಕು ಬೆರಳು ಉದ್ದ ಸಾಕು. ಬಲೂನನ್ನು ಉಬ್ಬಿಸಿ, ಬಾಯಿಗೆ ಬಟ್ಟೆ ಕ್ಲಿಪ್ ಹಾಕಿ, ಆಮೇಲೆ ಸ್ಟ್ರಾಗೆ ಟೇಪ್ ಮಾಡಿ. ಉಬ್ಬಿಸುವ ಮುಂಚೆ ಅಂಟಿಸಿದರೆ ರಬ್ಬರ್ ಹಿಗ್ಗಿ ಟೇಪ್ ಕಿತ್ತುಬರುತ್ತದೆ. ತಿರುಗುವುದು ಬಲೂನಿನ ಬಾಯಿ ದಾರಕ್ಕೆ ನೇರ ಇಲ್ಲದಾಗ. ಸೌತೆಕಾಯಿ ಹಾಗೆ ಉದ್ದ ಇರುವ ಬಲೂನು ನೆಟ್ಟಗೆ ಓಡುತ್ತದೆ.

ಒಂದು ಮಾತು ಹೇಳಿಬಿಡುತ್ತೇನೆ. "ಹೊರಬಂದ ಗಾಳಿ ಹಿಂದಿನ ಗೋಡೆಯನ್ನು ತಳ್ಳುತ್ತೆ, ಅದಕ್ಕೆ ಬಲೂನು ಮುಂದೆ ಹೋಗುತ್ತೆ" ಎಂದು ಬಹಳ ಜನ ಹೇಳಿಕೊಡುತ್ತಾರೆ. ಅದು ತಪ್ಪು, ಗೋಡೆ ಇಲ್ಲದ ಮೈದಾನದಲ್ಲೂ ಬಲೂನು ಓಡುತ್ತದೆ. ಬಲೂನು ಗಾಳಿಯನ್ನು ಹಿಂದಕ್ಕೆ ನೂಕುತ್ತದೆ, ಆ ಗಾಳಿ ಬಲೂನನ್ನು ಮುಂದಕ್ಕೆ ನೂಕುತ್ತದೆ. ತೆಪ್ಪದಿಂದ ದಡಕ್ಕೆ ಹಾರಿದರೆ ತೆಪ್ಪ ಹಿಂದಕ್ಕೆ ಸರಿಯುವುದಿಲ್ಲವೇ, ಹಾಗೆ.

## ಇನ್ನೂ ಸ್ವಲ್ಪ ಆಳಕ್ಕೆ

ಕೋಲಿನ ಎರಡು ತುದಿಗೆ ಬಲೂನು ಕಟ್ಟಿ ಗಾಳಿಗೆ ತೂಕ ಇದೆ ಅಂತ ತೋರಿಸಬಹುದಲ್ವಾ?

ನಾನು ಬಿಟ್ಟುಬಿಟ್ಟಿದ್ದೇನೆ. ಗಾಳಿಗೆ ತೂಕ ಇರುವುದು ನಿಜ, ಒಂದು ಲೀಟರಿಗೆ ಸುಮಾರು 1.2 ಗ್ರಾಂ. ಆದರೆ ಮೂರು ಲೀಟರ್ ಬಲೂನು ಮೂರೂವರೆ ಗ್ರಾಂ ಜಾಸ್ತಿ ತೂಗುವುದಿಲ್ಲ. ಬಾವಿಯ ನೀರೊಳಗೆ ಇರುವಾಗ ತುಂಬಿದ ಕೊಡ ಹಗುರ ಅನಿಸುವ ಹಾಗೆ, ಬಲೂನನ್ನು ಸುತ್ತಲಿನ ಗಾಳಿ ಎತ್ತಿ ಹಿಡಿದಿರುತ್ತದೆ. ಒಳಗಿನ ಗಾಳಿ ರಬ್ಬರಿನ ಒತ್ತಡದಿಂದ ನೂರಕ್ಕೆ ಎರಡು ಮೂರರಷ್ಟು ದಟ್ಟವಾಗಿರುತ್ತದೆ, ತಕ್ಕಡಿಗೆ ಕಾಣುವುದು ಆ ಹೆಚ್ಚಿನ ಪಾಲು ಮಾತ್ರ. ಅದು ಸುಮಾರು 0.1 ಗ್ರಾಂ. ಕೋಲು-ದಾರದ ತಕ್ಕಡಿಗೆ ಅದನ್ನು ಹಿಡಿಯುವ ಸೂಕ್ಷ್ಮ ಎಲ್ಲಿಂದ ಬರಬೇಕು? ಬಲೂನು ಒಡೆದಾಗ ಕೋಲು ವಾಲುವುದು ಬಹಳ ಸಲ ರಬ್ಬರಿನ ಚೂರು ಹಾರಿಹೋದದ್ದಕ್ಕೆ. ಏಳು ವರ್ಷದವರಿಗೆ ಜಾಗ, ತಳ್ಳುವುದು ಎರಡೇ ಸಾಕು.

ಎಷ್ಟು ಉದ್ದದ ಸ್ಟ್ರಾದಲ್ಲಿ ಕುಡಿಯಬಹುದು? ಮಹಡಿ ಮೇಲಿಂದ ಆಗುತ್ತಾ?

ನೀರನ್ನು ಎತ್ತುವುದು ಹೊರಗಿನ ಗಾಳಿ ಎಂದಮೇಲೆ ಅದಕ್ಕೊಂದು ಮಿತಿ ಇದೆ. ಬಾಯೊಳಗಿನ ಗಾಳಿಯನ್ನು ಪೂರ್ತಿ ತೆಗೆದುಬಿಟ್ಟರೂ ಸಮುದ್ರ ಮಟ್ಟದಲ್ಲಿರುವ ಮಂಗಳೂರಿನಲ್ಲಿ ನೀರು ಸುಮಾರು 10 ಮೀಟರ್ ಏರಿ ನಿಲ್ಲುತ್ತದೆ. ಬೆಂಗಳೂರು ಸಮುದ್ರಕ್ಕಿಂತ 900 ಮೀಟರಿಗೂ ಎತ್ತರ, ಅಲ್ಲಿ ಗಾಳಿಯ ಒತ್ತಡ ಕಮ್ಮಿ, ಮಿತಿಯೂ ಸುಮಾರು 9 ಮೀಟರಿಗೆ ಇಳಿಯುತ್ತದೆ. ಬಾವಿಯ ಮೇಲಿಟ್ಟ ಪಂಪು ತೀರಾ ಆಳದ ನೀರನ್ನು ಎಳೆಯದಿರುವುದಕ್ಕೂ ಇದೇ ಕಾರಣ. ಇಟಲಿಯ ಟೊರಿಚೆಲ್ಲಿ 1643ರ ಸುಮಾರಿಗೆ ನೀರಿನ ಬದಲು ಪಾದರಸ ಬಳಸಿದ. ಪಾದರಸ ನೀರಿಗಿಂತ 13 ಪಟ್ಟಿಗೂ ಹೆಚ್ಚು ಭಾರ, ಆದ್ದರಿಂದ 76 ಸೆಂಟಿಮೀಟರಿಗೇ ನಿಂತಿತು.

ಬಾಯಿಂದ ಇಷ್ಟೆಲ್ಲ ಎಳೆಯಲು ಯಾರಿಗೂ ಆಗುವುದಿಲ್ಲ. ಮಕ್ಕಳಿಗೆ ಮೆಟ್ಟಿಲ ಮೇಲೆ ತೋರಿಸಿ. ಕೆಳಗಿನ ಮೆಟ್ಟಿಲಲ್ಲಿ ನೀರಿನ ಲೋಟ, ತೊಳೆದ ಹೊಸ ಪಾರದರ್ಶಕ ಪೈಪು, ಒಂದೊಂದೇ ಮೆಟ್ಟಿಲು ಹತ್ತುತ್ತಾ ಕುಡಿಯುವುದು. ಯಾವ ಮೆಟ್ಟಿಲಿಗೆ ಸೋಲುತ್ತಾರೆ ನೋಡಿ. ನಾವು ಟೀಚರುಗಳೂ ಬಹಳ ಮೇಲೆ ಹೋಗಲಿಲ್ಲ.

ಘಟ್ಟ ಹತ್ತುವಾಗ ಚಿಪ್ಸ್ ಪ್ಯಾಕೆಟ್ ಬಲೂನಿನ ಹಾಗೆ ಉಬ್ಬುತ್ತಲ್ಲ, ಅದೂ ಇದೇನಾ?

ಇದೇ. ಪ್ಯಾಕೆಟ್ಟಿನ ಒಳಗಿನ ಗಾಳಿ ಕೆಳಗೆ ತುಂಬಿದ್ದು. ಮೇಲೆ ಹೋದ ಹಾಗೆ ಹೊರಗಿನ ಗಾಳಿ ತಳ್ಳುವುದು ಕಮ್ಮಿಯಾಗುತ್ತದೆ. ಒಳಗಿನದು ಮುಂದೆ ಬರುತ್ತದೆ, ಸ್ಟ್ರಾ ಬಾಟಲಿಯ ಬಲೂನಿನ ಹಾಗೆಯೇ.

ಇದನ್ನು ಉಲ್ಟಾ ಮಾಡಿಯೂ ನೋಡಬಹುದು. ಮೊದಲು ಬೇಡ ಎಂದೆನಲ್ಲ, ಆ ತೆಳು ನೀರಿನ ಬಾಟಲಿ ಈಗ ಬೇಕು. ಚಿಕ್ಕಮಗಳೂರಿನಿಂದ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವವರು ಹೊರಡುವಾಗ ಒಣಗಿದ "ಖಾಲಿ" ಬಾಟಲಿಗೆ ಬಿಗಿಯಾಗಿ ಮುಚ್ಚಳ ಹಾಕಿ ಮಗುವಿನ ಕೈಗೆ ಕೊಡಿ. ಚಿಕ್ಕಮಗಳೂರು ಸಾವಿರ ಮೀಟರಿಗಿಂತ ಎತ್ತರದಲ್ಲಿದೆ, ಅಲ್ಲಿಯ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಸುಮಾರು ಎಂಟರಲ್ಲಿ ಒಂದು ಪಾಲು ಕಮ್ಮಿ. ಕೆಳಗಿನ ಸೆಕೆಗೆ ಬಾಟಲಿಯ ಗಾಳಿ ಕೊಂಚ ಹಿಗ್ಗುವುದರಿಂದ ಪೂರ್ತಿ ಅಷ್ಟು ಕುಗ್ಗುವುದಿಲ್ಲ. ಆದರೂ ಉಜಿರೆ ದಾಟುವ ಹೊತ್ತಿಗೆ ಬಾಟಲಿಯ ಪಕ್ಕ ಒಳಕ್ಕೆ ನೆಗ್ಗಿರುತ್ತದೆ. ಮುಚ್ಚಳವನ್ನು ಅಲ್ಲಿ ತೆರೆಯಲು ಹೇಳಿ, ಕಿವಿಯ ಹತ್ತಿರ ಹಿಡಿದುಕೊಂಡು. ಫುಸ್ ಎಂದು ಗಾಳಿ ಒಳಗೆ ಹೋಗುವುದು ಕೇಳಿಸುತ್ತದೆ, ನೆಗ್ಗಿದ ಪಕ್ಕ ಟಕ್ ಎಂದು ಸರಿಯಾಗುತ್ತದೆ.